ಪಂಚಮಿಯ ಬೆಲ್ಲ ಮತ್ತು ಮೂರು ತಿಂಗಳ ಸರಾಸರಿ: ರಾಮದುರ್ಗದ ಕಿರಾಣಿ ಅಂಗಡಿಯ ಖರೀದಿ ಲೆಕ್ಕ ಕುರಿತು ಒಂದು ಟಿಪ್ಪಣಿ

ಸಣ್ಣ ಅಂಗಡಿಗೆ ಮುಂದಿನ ತಿಂಗಳ ಮಾಲು ಎಷ್ಟು ತರಿಸಬೇಕು ಎಂಬುದಕ್ಕೆ ಪುಸ್ತಕಗಳು ಹೇಳುವ ಮೊದಲ ಉಪಾಯ ಚಲಿಸುವ ಸರಾಸರಿ. ಹಿಂದಿನ ಮೂರು ತಿಂಗಳ ಮಾರಾಟ ಕೂಡಿಸಿ ಮೂರರಿಂದ ಭಾಗಿಸಿದರೆ ಬರುವುದೇ ಮುಂದಿನ ತಿಂಗಳ ಅಂದಾಜು. ತಿಂಗಳು ಕಳೆದ ಹಾಗೆ ಹಳೆಯದೊಂದನ್ನು ಬಿಟ್ಟು ಹೊಸದೊಂದನ್ನು ಸೇರಿಸಿಕೊಳ್ಳುತ್ತ ಹೋಗಬೇಕು. ಕಂಪ್ಯೂಟರಿನಲ್ಲಿ ಮಾಡುವವರಿಗೆ ಒಂದೇ ಸಾಲು:

```
=AVERAGE(B2:B4)
```

ಇದರಲ್ಲಿ ಕಲಿಯುವುದಕ್ಕೆ ಕಷ್ಟವಾದದ್ದು ಏನೂ ಇಲ್ಲ. ಆದರೂ ರಾಮದುರ್ಗದಂಥ ಊರಿನ ಕಿರಾಣಿ ಅಂಗಡಿಯಲ್ಲಿ ಇದನ್ನು ಇದ್ದ ಹಾಗೇ ಬಳಸಿದರೆ ವರ್ಷದ ಬಹಳಷ್ಟು ತಿಂಗಳು ಸರಿ ಬಂದು, ಸರಿ ಬರಲೇಬೇಕಾದ ತಿಂಗಳಲ್ಲಿ ಕೈಕೊಡುತ್ತದೆ. ದೋಷ ಇರುವುದು ಭಾಗಾಕಾರದಲ್ಲಿ ಅಲ್ಲ, ನಾವು ‘ತಿಂಗಳು’ ಎಂದು ಕರೆಯುವ ಚೀಲದಲ್ಲಿ ಎಂಬುದು ನನ್ನ ವಾದ. ಅದನ್ನು ಒಂದೇ ಮಾಲಿನ ಮೇಲೆ, ಬೆಲ್ಲದ ಮೇಲೆ, ತೋರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ.

ಬೆಲ್ಲವನ್ನೇ ಆರಿಸಿಕೊಳ್ಳಲು ಕಾರಣವಿದೆ. ಮಲಪ್ರಭೆಯ ದಂಡೆಯ ಈ ಭಾಗದಲ್ಲಿ, ಸವದತ್ತಿ ಬೈಲಹೊಂಗಲಗಳಲ್ಲಿಯೂ, ಶ್ರಾವಣದ ನಾಗರ ಪಂಚಮಿ ಹೆಣ್ಣುಮಕ್ಕಳ ದೊಡ್ಡ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು ಎಲ್ಲಕ್ಕೂ ಬೆಲ್ಲ ಬೇಕು. ಉಂಡಿಯನ್ನು ಹಬ್ಬದ ದಿನ ಕಟ್ಟುವುದಿಲ್ಲ. ವಾರ ಹತ್ತು ದಿನ ಮೊದಲೇ ಕಟ್ಟಿ ಡಬ್ಬಿ ತುಂಬಿಸುತ್ತಾರೆ, ತವರಿಗೆ ಬಂದ ಮಗಳ ಸಂಗಡ ಕಳಿಸಲಿಕ್ಕೂ ಎತ್ತಿಡುತ್ತಾರೆ. ಹೀಗಾಗಿ ಬೆಲ್ಲದ ಗಿರಾಕಿ ಪಂಚಮಿಯ ಹಿಂದಿನ ಹದಿನೈದು ದಿನಗಳಲ್ಲಿ ಒತ್ತಿ ಬರುತ್ತದೆ. ಆ ದಿನಗಳಲ್ಲಿ ಬೆಲ್ಲ ಇಲ್ಲವೆಂದರೆ ಶೇಂಗಾ, ಎಳ್ಳು, ಪುಟಾಣಿ, ಏಲಕ್ಕಿ ಎಲ್ಲವೂ ಪಕ್ಕದ ಅಂಗಡಿಗೆ ಹೋಗುತ್ತವೆ. ಹಾಗಂತ ಹೆಚ್ಚು ತರಿಸಿಟ್ಟರೆ ಅದು ಮಳೆಗಾಲ: ಗಾಣದ ಹಂಗಾಮು ಮುಗಿದು ತಿಂಗಳುಗಳಾಗಿರುತ್ತವೆ, ಹಳೆ ಬೆಲ್ಲ ತಂಪು ಗಾಳಿಗೆ ಪಸೆ ಬಿಟ್ಟು ಅಂಟಾಗುತ್ತದೆ, ಬಣ್ಣ ಕಪ್ಪಾಗುತ್ತದೆ, ತೂಕದಲ್ಲಿಯೂ ದರದಲ್ಲಿಯೂ ಏಟು ಬೀಳುತ್ತದೆ. ಕಡಿಮೆ ತರಿಸಿದರೂ ನಷ್ಟ, ಹೆಚ್ಚು ತರಿಸಿದರೂ ನಷ್ಟ ಎನ್ನುವಂಥ ಮಾಲಿನ ಮೇಲೆಯೇ ಅಂದಾಜಿನ ಪರೀಕ್ಷೆ ನಡೆಯಬೇಕು.

ಕೆಳಗಿನ ಅಂಕಿಗಳು ಯಾವ ಅಂಗಡಿಯ ಕೀರ್ದಿಯಿಂದಲೂ ತೆಗೆದವಲ್ಲ, ಲೆಕ್ಕ ತಿಳಿಯಲೆಂದು ನಾನೇ ಜೋಡಿಸಿದವು. ಹಬ್ಬಗಳ ತಾರೀಖುಗಳು ಮಾತ್ರ ಪಂಚಾಂಗದವು. ದಿನಕ್ಕೆ ಸುಮಾರು 7 ಕೆಜಿ ಬೆಲ್ಲ ಮಾರುವ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. 2025ರ ಏಪ್ರಿಲ್‌ನಲ್ಲಿ 210, ಮೇನಲ್ಲಿ 220, ಜೂನ್‌ನಲ್ಲಿ 200 ಕೆಜಿ ಹೋಗಿದೆ. ಮುಂದಿನದು ಹೀಗೆ:

| 2025 | ಮಾರಾಟ (ಕೆಜಿ) | ಮೂರು ತಿಂಗಳ ಸರಾಸರಿಯ ಅಂದಾಜು | ವ್ಯತ್ಯಾಸ |
|---|---|---|---|
| ಜುಲೈ | 410 | 210 | 200 ಕಡಿಮೆ |
| ಆಗಸ್ಟ್ | 300 | 277 | 23 ಕಡಿಮೆ |
| ಸೆಪ್ಟೆಂಬರ್ | 220 | 303 | 83 ಹೆಚ್ಚು |
| ಅಕ್ಟೋಬರ್ | 260 | 310 | 50 ಹೆಚ್ಚು |
| ನವೆಂಬರ್ | 210 | 260 | 50 ಹೆಚ್ಚು |

2025ರಲ್ಲಿ ಪಂಚಮಿ ಜುಲೈ 29ಕ್ಕೆ ಬಂದಿತ್ತು. ಬೇಸಿಗೆಯ ಮೂರು ಸಾದಾ ತಿಂಗಳುಗಳನ್ನು ನೋಡಿದ ಸರಾಸರಿಗೆ ಅದರ ಸುಳಿವು ಸಿಗುವ ದಾರಿಯೇ ಇರಲಿಲ್ಲ. ಅಂದಾಜಿನ ಪ್ರಕಾರ 210 ಕೆಜಿ ತರಿಸಿದವನ ಬೆಲ್ಲ ಹಬ್ಬಕ್ಕೆ ವಾರ ಇರುವಾಗಲೇ ಮುಗಿದಿರುತ್ತದೆ. ಆಮೇಲಿನ ಸಾಲುಗಳು ಇದಕ್ಕಿಂತ ಕುತೂಹಲದವು. ಜುಲೈನ ಹೆಚ್ಚುವರಿ 200 ಕೆಜಿ ಮೂರು ಪಾಲಾಗಿ, ತಿಂಗಳಿಗೆ ಸುಮಾರು 67 ಕೆಜಿಯಂತೆ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ಗಳ ಅಂದಾಜಿನಲ್ಲಿ ಹೋಗಿ ಕೂತಿದೆ. ಉಂಡಿ ತಿಂದು ಮುಗಿಸಿ ಎರಡು ತಿಂಗಳಾದ ಮೇಲೂ ಸರಾಸರಿ ಅಂಗಡಿಕಾರನಿಗೆ ಉಂಡಿಯ ಬೆಲ್ಲ ತರಿಸು ಎನ್ನುತ್ತಿದೆ. ಆಗಸ್ಟ್‌ನಲ್ಲಿ ಅಂದಾಜು ಬಹುತೇಕ ಸರಿ ಬಂದಂತೆ ಕಾಣುವುದೂ ಇದರ ಪುಣ್ಯದಿಂದಲೇ: ಆ ವರ್ಷ ಗಣೇಶ ಚೌತಿ ಆಗಸ್ಟ್ 27ಕ್ಕಿತ್ತು. ಪಂಚಮಿಯ ತಪ್ಪು ಪಾಲು ಚೌತಿಯ ಖರೀದಿಗೆ ಆಕಸ್ಮಿಕವಾಗಿ ಹೊಂದಿಕೊಂಡಿತು. ಕಾರಣ ತಪ್ಪಿದ್ದು ಫಲ ಸರಿಯಾದ ಇಂಥ ತಿಂಗಳು ನಷ್ಟದ ತಿಂಗಳಿಗಿಂತ ಅಪಾಯಕಾರಿ, ಏಕೆಂದರೆ ಅದು ವಿಧಾನದ ಮೇಲೆ ನಂಬಿಕೆ ಹುಟ್ಟಿಸುತ್ತದೆ.

ಈ ಹಿಂದುಳಿಯುವಿಕೆ ವಿಧಾನದ ಹುಟ್ಟಿನಲ್ಲೇ ಇದೆ. 1901ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಆರ್. ಎಚ್. ಹೂಕರ್ ಮದುವೆಗಳ ಪ್ರಮಾಣಕ್ಕೂ ವ್ಯಾಪಾರದ ಏರಿಳಿತಕ್ಕೂ ಇರುವ ಸಂಬಂಧ ಹುಡುಕುವಾಗ ಒಂಬತ್ತು ವರ್ಷಗಳ ಇಂಥ ಸರಾಸರಿ ಬಳಸಿದ. ಅವನು ಆ ಸರಾಸರಿಯನ್ನು ಒಂಬತ್ತು ವರ್ಷಗಳ ನಡುವಿನ ವರ್ಷಕ್ಕೆ ಇಟ್ಟು ನೋಡಿದ, ಮುಂದಿನ ವರ್ಷವನ್ನು ಹೇಳಲು ಬಳಸಲಿಲ್ಲ. ಅಂಗಡಿಯ ಲೆಕ್ಕದಲ್ಲಿ ನಾವು ಅದೇ ಸರಾಸರಿಯನ್ನು ನಡುವಿನಿಂದ ಎತ್ತಿ ತುದಿಗೆ ತಂದಿಡುತ್ತೇವೆ. ಏಪ್ರಿಲ್, ಮೇ, ಜೂನ್‌ಗಳ ಸರಾಸರಿ ನಿಜಕ್ಕೂ ಮೇ ತಿಂಗಳ ಮಾತು, ಅದನ್ನು ಜುಲೈಗೆ ಹೇಳಿಸುತ್ತೇವೆ. ಎರಡು ತಿಂಗಳ ಹಳೆಯ ಸುದ್ದಿ ಅದು. ಆರು ತಿಂಗಳ ಸರಾಸರಿಯಾದರೆ ಮೂರೂವರೆ ತಿಂಗಳ ಹಳೆಯದು. ಊರಿಗೆ ಹೊಸ ಬಡಾವಣೆಯಾಗಿ ಅಂಗಡಿಯ ಮಾರಾಟ ತಿಂಗಳಿಗೆ 10 ಕೆಜಿಯಂತೆ ಏರುತ್ತಿದ್ದರೆ ಮೂರು ತಿಂಗಳ ಸರಾಸರಿ ಪ್ರತಿ ತಿಂಗಳೂ 20 ಕೆಜಿ ಕಡಿಮೆ ಹೇಳುತ್ತದೆ, ಆರು ತಿಂಗಳದ್ದು 35 ಕೆಜಿ. ಇದನ್ನು ಗುರುತಿಸುವುದು ಸುಲಭ. ಅಂದಾಜು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುತ್ತಿದ್ದರೆ ಅದು ವ್ಯಾಪಾರದ ಸಹಜ ತೂಗಾಟ. ನಾಲ್ಕೈದು ತಿಂಗಳು ಒಂದೇ ಕಡೆಗೆ ತಪ್ಪುತ್ತಿದ್ದರೆ ಸರಾಸರಿ ಬೆನ್ನುಹತ್ತಿ ಓಡುತ್ತಿದೆ, ಮುಟ್ಟುತ್ತಿಲ್ಲ ಎಂದು ತಿಳಿಯಬೇಕು.

ಮೂರು ತಿಂಗಳ ಸರಾಸರಿ ಕೈಕೊಟ್ಟಾಗ ಅನುಭವಿ ಅಂಗಡಿಕಾರ ಸಹಜವಾಗಿ ಇನ್ನೊಂದು ಪ್ರಶ್ನೆ ಕೇಳುತ್ತಾನೆ: ಹೋದ ವರ್ಷ ಈ ತಿಂಗಳು ಎಷ್ಟು ಹೋಗಿತ್ತು? ಹಬ್ಬದ ವ್ಯಾಪಾರಕ್ಕೆ ಇದು ಸರಿಯಾದ ಪ್ರಶ್ನೆಯ ಹಾಗೆ ಕಾಣುತ್ತದೆ. ನಮ್ಮ ಕಲ್ಪಿತ ಅಂಗಡಿಯಲ್ಲಿ 2024ರ ಜುಲೈನಲ್ಲಿ 240 ಕೆಜಿ, ಆಗಸ್ಟ್‌ನಲ್ಲಿ 400 ಕೆಜಿ ಹೋಗಿತ್ತು ಎನ್ನೋಣ. ಅದನ್ನೇ ನಂಬಿ 2025ಕ್ಕೆ ತರಿಸಿದರೆ ಜುಲೈನಲ್ಲಿ 170 ಕೆಜಿ ಸಾಲುವುದಿಲ್ಲ, ಆಗಸ್ಟ್‌ನಲ್ಲಿ 100 ಕೆಜಿ ಉಳಿಯುತ್ತದೆ. ಬೇಕಾದಾಗ ಇಲ್ಲ, ಬಂದಾಗ ಮಳೆ. ಕಾರಣ ಇಷ್ಟೇ: 2024ರಲ್ಲಿ ಪಂಚಮಿ ಆಗಸ್ಟ್ 9ಕ್ಕಿತ್ತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹನ್ನೆರಡು ಚಾಂದ್ರಮಾಸಗಳ ವರ್ಷಕ್ಕೆ ಸುಮಾರು 354 ದಿನ. ಕ್ಯಾಲೆಂಡರ್ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆಯಾದ್ದರಿಂದ ಹಬ್ಬಗಳು ವರ್ಷ ವರ್ಷ ಹಿಂದೆ ಸರಿಯುತ್ತವೆ. ಸುಮಾರು ಮೂವತ್ತೆರಡು ಮೂವತ್ಮೂರು ತಿಂಗಳಿಗೊಮ್ಮೆ ಅಧಿಕಮಾಸ ಬಂದು ಅವನ್ನು ಮುಂದಕ್ಕೆ ತಳ್ಳುತ್ತದೆ. ಪಂಚಮಿಯ ತಾರೀಖುಗಳನ್ನು ಸಾಲಾಗಿ ಬರೆದರೆ ಈ ಜೋಕಾಲಿ ಕಣ್ಣಿಗೆ ಕಾಣುತ್ತದೆ: 2022ರಲ್ಲಿ ಆಗಸ್ಟ್ 2, ಶ್ರಾವಣವೇ ಅಧಿಕವಾಗಿದ್ದ 2023ರಲ್ಲಿ ಆಗಸ್ಟ್ 21, 2024ರಲ್ಲಿ ಆಗಸ್ಟ್ 9, 2025ರಲ್ಲಿ ಜುಲೈ 29. ಹಬ್ಬಕ್ಕೆ ಹದಿನೈದು ದಿನ ಮೊದಲಿನ ಬೆಲ್ಲದ ಗಿರಾಕಿ 2023ರಲ್ಲಿ ಪೂರ್ತಿ ಆಗಸ್ಟ್‌ನ ಚೀಲದಲ್ಲಿ ಬಿದ್ದಿತು, 2024ರಲ್ಲಿ ಎರಡು ಚೀಲಗಳಲ್ಲಿ ಹಂಚಿಹೋಯಿತು, 2025ರಲ್ಲಿ ಪೂರ್ತಿ ಜುಲೈಗೆ ಬಂತು. ಮನೆಗಳಲ್ಲಿ ಕಟ್ಟಿದ ಉಂಡಿ ಅಷ್ಟೇ ಇದ್ದರೂ ಕಾಗದದ ಮೇಲೆ ಜುಲೈ ಕುಣಿದಂತೆ, ಆಗಸ್ಟ್ ಕುಸಿದಂತೆ ಕಾಣುತ್ತದೆ.

ಎಲ್ಲ ಹಬ್ಬಗಳೂ ಹೀಗಲ್ಲ ಎಂಬುದನ್ನೂ ಹೇಳಬೇಕು. ಸಂಕ್ರಾಂತಿ ಸೂರ್ಯನ ಲೆಕ್ಕದ್ದು, ಜನವರಿ 14 ಅಥವಾ 15 ಬಿಟ್ಟು ಕದಲುವುದಿಲ್ಲ. ಆ ಹಬ್ಬದ ಎಳ್ಳು ಬೆಲ್ಲಕ್ಕೆ ‘ಹೋದ ವರ್ಷದ ಜನವರಿ’ ಒಳ್ಳೆಯ ಮಾರ್ಗದರ್ಶಿ. ಯುಗಾದಿ, ದೀಪಾವಳಿ, ಗೊಡಚಿಯ ವೀರಭದ್ರೇಶ್ವರ ಜಾತ್ರೆ, ಸವದತ್ತಿ ಯಲ್ಲಮ್ಮನ ಗುಡ್ಡದ ಹುಣ್ಣಿಮೆಗಳು ಪಂಚಮಿಯ ಹಾಗೆ ಹಿಂದೆ ಮುಂದೆ ಆಡುತ್ತವೆ. ರಂಜಾನ್‌ಗೆ ಅಧಿಕಮಾಸದ ತಳ್ಳುವಿಕೆಯೂ ಇಲ್ಲದ್ದರಿಂದ ಅದು ಪ್ರತಿ ವರ್ಷ ಹಿಂದಕ್ಕೇ ಹೋಗುತ್ತದೆ. ಈದ್ 2024ರಲ್ಲಿ ಏಪ್ರಿಲ್ 11ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ ಬಂತು. ಖರ್ಜೂರ ಮತ್ತು ಶಾವಿಗೆಯ ಲೆಕ್ಕಕ್ಕೆ ಇದು ಬೇರೆ ಪಟ್ಟಿ.

ಹಾಗಾದರೆ ಲೆಕ್ಕ ಹೇಗಿರಬೇಕು? ನನ್ನ ಸೂಚನೆ ಮಾರಾಟವನ್ನು ಎರಡಾಗಿ ಬಿಡಿಸುವುದು: ದಿನಬಳಕೆಯ ಬೆಲ್ಲ ಒಂದು, ಹಬ್ಬದ ಹೆಚ್ಚುವರಿ ಇನ್ನೊಂದು. ಚಲಿಸುವ ಸರಾಸರಿಯನ್ನು ಮೊದಲನೆಯದಕ್ಕೆ ಮಾತ್ರ ಹಚ್ಚಬೇಕು. ಎರಡನೆಯದನ್ನು ಪಂಚಮಿಯಿಂದ ಹಿಂದಕ್ಕೆ ದಿನ ಎಣಿಸಿ ಇಡಬೇಕು, ತಾರೀಖಿನಿಂದ ಅಲ್ಲ.

2024ರಲ್ಲಿ ಪಂಚಮಿ ಸೇರಿ ಹಿಂದಿನ ಹದಿನೈದು ದಿನ ಎಂದರೆ ಜುಲೈ 26ರಿಂದ ಆಗಸ್ಟ್ 9. ದಿನಗೀರ್ದಿಯಿಂದ ಆ ದಿನಗಳ ಬೆಲ್ಲ ಕೂಡಿಸಿದಾಗ ಜುಲೈನ ಆರು ದಿನಗಳಲ್ಲಿ 78, ಆಗಸ್ಟ್‌ನ ಒಂಬತ್ತು ದಿನಗಳಲ್ಲಿ 207, ಒಟ್ಟು 285 ಕೆಜಿ ಬಂತು ಎನ್ನೋಣ. ಆಗ ಸಾದಾ ದಿನದ ಮಾರಾಟ ಆರೂವರೆ ಕೆಜಿಯಿತ್ತು. ಹದಿನೈದು ದಿನಕ್ಕೆ 98. ಅದನ್ನು ಕಳೆದರೆ ಪಂಚಮಿಯ ಹೆಚ್ಚುವರಿ 187 ಕೆಜಿ. ಈಗ 2025ರ ಜುಲೈಗೆ ಬರೋಣ. ಏಪ್ರಿಲ್‌ನಿಂದ ಜೂನ್‌ವರೆಗೆ 91 ದಿನಗಳಲ್ಲಿ 630 ಕೆಜಿ, ಅಂದರೆ ದಿನಕ್ಕೆ ಹತ್ತಿರ ಹತ್ತಿರ 7. ಹಬ್ಬದ ದಿನಗಳು ಜುಲೈ 15ರಿಂದ 29. ಆ ಹದಿನೈದು ದಿನಕ್ಕೆ ದಿನಬಳಕೆ 105, ಹೆಚ್ಚುವರಿ 187, ಒಟ್ಟು 292. ಉಳಿದ ಹದಿನಾರು ದಿನಕ್ಕೆ 112. ಜುಲೈನ ಅಂದಾಜು 404 ಕೆಜಿ. ನಮ್ಮ ಪಟ್ಟಿಯಲ್ಲಿ ಹೋದದ್ದು 410.

ಈ ಆರು ಕೆಜಿಯ ಹತ್ತಿರವನ್ನು ವಿಧಾನದ ಗೆಲುವೆಂದು ಓದಬಾರದು. ಅಂಕಿಗಳು ನಾನೇ ಹೊಂದಿಸಿದವು, ಅವು ಏನನ್ನೂ ಸಾಬೀತು ಮಾಡುವುದಿಲ್ಲ. ನೋಡಬೇಕಾದದ್ದು ಲೆಕ್ಕದ ನಡಿಗೆಯನ್ನು: ತಿಂಗಳ ಪ್ರಕಾರ ನೋಡಿದಾಗ 240 ಇದ್ದದ್ದು 410 ಆಯಿತು, 400 ಇದ್ದದ್ದು 300 ಆಯಿತು. ಹಬ್ಬದಿಂದ ಎಣಿಸಿದಾಗ ಹೆಚ್ಚುವರಿ 187 ಇದ್ದದ್ದು 193 ಆಯಿತು. ನಿಜವಾದ ಅಂಗಡಿಯಲ್ಲಿ ಇಷ್ಟು ಸ್ಥಿರತೆ ಇದೆಯೋ ಇಲ್ಲವೋ ಎಂಬುದನ್ನು ಎರಡು ಮೂರು ಪಂಚಮಿಗಳ ದಿನಗೀರ್ದಿ ತೆಗೆದು ಹೀಗೇ ಕೂಡಿಸಿ ನೋಡಿದರೆ ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ತಿಥಿಯನ್ನೂ ಬರೆಯುವ ರೂಢಿಯಿದ್ದ ಹಳೆಯ ಕೀರ್ದಿಗಳಿದ್ದರೆ ಕೆಲಸ ಇನ್ನೂ ಹಗುರ. ಬಿಲ್ಲಿನ ಯಂತ್ರ ಬಂದ ಮೇಲೆ ತಾರೀಖು ಉಳಿಯಿತು, ತಿಥಿ ಹೋಯಿತು.

ಖರೀದಿಗೆ ಕೂತಾಗ ಅಂದಾಜು ಒಂದೇ ಸಾಲದು. ಜುಲೈ 12ರಂದು ಅಂಗಡಿಯಲ್ಲಿ 60 ಕೆಜಿ ಉಳಿದಿದೆ, ಬೆಲ್ಲದ ಪೇಟೆಯೆಂದೇ ಹೆಸರಾದ ಮಹಾಲಿಂಗಪುರದ ಕಡೆಯ ಮಾಲಿಗೆ ಹೇಳಬೇಕಾಗಿದೆ ಎಂದಿಟ್ಟುಕೊಳ್ಳಿ. 12ರಿಂದ 14ರವರೆಗಿನ ಮೂರು ದಿನಕ್ಕೆ 21, ಹಬ್ಬದ ಹದಿನೈದು ದಿನಕ್ಕೆ 292, ಕೂಡಿ 313. ಇದಕ್ಕೆ ಸ್ವಲ್ಪ ಆಸರೆ ಬೇಕು. ಆ ಆಸರೆ ಎಷ್ಟೆಂದು ಮನಸ್ಸಿಗೆ ತೋಚಿದ ಹಾಗೆ ಹಾಕುವ ಬದಲು ಹಿಂದಿನ ಅಂದಾಜುಗಳು ಸರಾಸರಿ ಎಷ್ಟು ಕೆಜಿ ತಪ್ಪಿದ್ದವು ಎಂದು ನೋಡಿ ಅಷ್ಟನ್ನು ಸೇರಿಸುವುದು ಮೇಲು. ಅದು 20 ಎನ್ನೋಣ. 333ರಲ್ಲಿ ಕೈಯಲ್ಲಿರುವ 60 ಕಳೆದರೆ 273. ಪೆಂಟಿಗೆ 10 ಕೆಜಿ ಹಿಡಿದರೆ 27 ಪೆಂಟಿ. ಮಿಕ್ಕ ಮೂರು ಕೆಜಿಗಾಗಿ ಇನ್ನೊಂದು ಪೆಂಟಿ ಬೇಡ. ಹಬ್ಬದ ಮಾರನೇ ದಿನ ಉಳಿದ ಬೆಲ್ಲಕ್ಕೆ ಗಿರಾಕಿ ನಿಧಾನ, ಮಳೆ ಮಾತ್ರ ನಿಧಾನಿಸುವುದಿಲ್ಲ.

ಇನ್ನು ಕೀರ್ದಿಯೇ ಸುಳ್ಳು ಹೇಳುವ ಸಂದರ್ಭಗಳು. ಇವುಗಳಲ್ಲಿ ಮುಖ್ಯವಾದದ್ದು ಮಾಲು ಖಾಲಿಯಾದ ದಿನಗಳು. 210 ಕೆಜಿ ಮಾತ್ರ ತರಿಸಿದ್ದ ಅಂಗಡಿಯ ಕೀರ್ದಿಯಲ್ಲಿ ಆ ಜುಲೈನ ಮಾರಾಟ 410 ಎಂದು ಇರುವುದಿಲ್ಲ, 210 ಎಂದೇ ಇರುತ್ತದೆ. ಅಂದಾಜು 210, ಮಾರಾಟ 210, ವ್ಯತ್ಯಾಸ ಸೊನ್ನೆ. ಬರಿಗೈಯಲ್ಲಿ ಮರಳಿದ ಗಿರಾಕಿಯ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಹೀಗೆ ಕಡಿಮೆ ಅಂದಾಜು ತನ್ನನ್ನು ತಾನೇ ನಿಜ ಮಾಡಿಕೊಂಡು, ಮುಂದಿನ ವರ್ಷದ ಅಂದಾಜಿಗೂ ಅದೇ ಅಂಕಿ ಕೊಡುತ್ತದೆ. ಇದಕ್ಕೆ ಇರುವ ಮದ್ದು ಒಂದೇ, ಬೆಲ್ಲ ಮುಗಿದ ದಿನ ಕೀರ್ದಿಯ ಅಂಚಿನಲ್ಲಿ ‘ಖಾಲಿ’ ಎಂದು ಬರೆದಿಡುವುದು. ಸಾದಾ ತಿಂಗಳಲ್ಲಿ 24 ದಿನ ಮಾಲಿದ್ದು 168 ಕೆಜಿ ಹೋಗಿದ್ದರೆ ಭಾಗಿಸಬೇಕಾದದ್ದು 30ರಿಂದ ಅಲ್ಲ, 24ರಿಂದ. ದಿನಕ್ಕೆ 7 ಎಂಬ ಸರಿಯಾದ ಅಂಕಿ ಆಗ ಸಿಗುತ್ತದೆ. ಹಬ್ಬದ ಹದಿನೈದು ದಿನದೊಳಗೆ ಖಾಲಿಯಾದರೆ ಮಾತ್ರ ಈ ಉಪಾಯ ನಡೆಯದು, ಏಕೆಂದರೆ ಅಲ್ಲಿ ಒಂದು ದಿನ ಇನ್ನೊಂದರ ಹಾಗಿರುವುದಿಲ್ಲ. ಅಂಥ ವರ್ಷದ ಹೆಚ್ಚುವರಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದೇ ಸರಿ.

ಎರಡನೆಯದು ಉದ್ರಿ. ರಾಮದುರ್ಗ ನೇಕಾರರ ಊರೂ ಹೌದು, ಒಕ್ಕಲುತನದ ಹಳ್ಳಿಗಳ ಪೇಟೆಯೂ ಹೌದು. ಕೂಲಿ ಕೈಗೆ ಬಂದಾಗ, ಪೀಕು ಮಾರಿದಾಗ ಬಾಕಿ ತೀರುತ್ತದೆ. ಹಣ ಬಂದ ದಿನಕ್ಕೆ ಮಾರಾಟ ಬರೆಯುವ ಅಂಗಡಿಯಲ್ಲಿ ಶ್ರಾವಣದ ಬೆಲ್ಲ ಸುಗ್ಗಿಯಲ್ಲಿ ಮಾರಿದಂತೆ ಕಾಣುತ್ತದೆ. ಅಂದಾಜಿಗೆ ಬೇಕಾದದ್ದು ತಕ್ಕಡಿಯಿಂದ ಮಾಲು ಇಳಿದ ದಿನ, ಗಲ್ಲೆಗೆ ರೊಕ್ಕ ಬಿದ್ದ ದಿನವಲ್ಲ. ರೂಪಾಯಿಯ ಬದಲು ಕೆಜಿಯಲ್ಲಿ ಲೆಕ್ಕ ಇಡಬೇಕೆನ್ನುವುದೂ ಇದೇ ಜಾತಿಯ ಎಚ್ಚರಿಕೆ: ದರ ಏರಿದ ತಿಂಗಳು ರೂಪಾಯಿಯಲ್ಲಿ ವ್ಯಾಪಾರ ಹಿಗ್ಗಿದಂತೆ ಕಾಣುತ್ತದೆ, ಪೆಂಟಿಗಳು ಇದ್ದಷ್ಟೇ ಇರುತ್ತವೆ. ಸಂತೆಯ ದಿನ ಹೆಚ್ಚು ಮಾರುವ ಅಂಗಡಿಗಾದರೆ ತಿಂಗಳಿಗಿಂತ ವಾರದ ಲೆಕ್ಕವೇ ವಾಸಿ. ಕೆಲವು ತಿಂಗಳಿಗೆ ನಾಲ್ಕು ಸಂತೆ, ಕೆಲವಕ್ಕೆ ಐದು.

ಮೂರನೆಯದು, ಮರುಕಳಿಸದ ತಿಂಗಳುಗಳು. 2019ರಲ್ಲಿ ಪಂಚಮಿ ಆಗಸ್ಟ್ 5ಕ್ಕಿತ್ತು. ಅದೇ ಆಗಸ್ಟ್‌ನಲ್ಲಿ ಮಲಪ್ರಭೆಯ ನೆರೆ ಬಂತು. ಮರುವರ್ಷ ಮಾರ್ಚ್ 25ರಿಂದ ಲಾಕ್‌ಡೌನ್. ಈ ತಿಂಗಳುಗಳ ಅಂಕಿಯನ್ನು ಸರಾಸರಿಯಲ್ಲಿ ಹಾಗೇ ಸೇರಿಸಿದರೆ ಮುಂದಿನ ಮೂರು ತಿಂಗಳ ಅಂದಾಜು ಕೆಡುತ್ತದೆ. ಬಿಟ್ಟು ಅದರ ಹಿಂದಿನ ತಿಂಗಳನ್ನು ತೆಗೆದುಕೊಳ್ಳಬಹುದು. ಆದರೆ ಬಿಡುವುದಕ್ಕೆ ಕಾರಣ ಕೀರ್ದಿಯ ಹೊರಗೆ ಇರಬೇಕು: ನೆರೆ, ಬಂದ್, ಅಂಗಡಿ ಮುಚ್ಚಿದ್ದು. ಅಂಕಿ ವಿಚಿತ್ರವಾಗಿದೆ ಎಂಬುದೊಂದನ್ನೇ ಕಾರಣ ಮಾಡಿಕೊಂಡು ಬಿಡಲು ಹೊರಟರೆ ಪಂಚಮಿಯನ್ನೂ ಬಿಡಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು, ಇಲ್ಲದ ಹಬ್ಬವನ್ನು ಕಾಣುವುದು. 1927ರಲ್ಲಿ ರಷ್ಯಾದ ಅರ್ಥಶಾಸ್ತ್ರಜ್ಞ ಯೆವ್‌ಗೆನಿ ಸ್ಲುಟ್ಸ್ಕಿ ಲಾಟರಿಯ ಅಂಕಿಗಳ ಮೇಲೆ ಚಲಿಸುವ ಕೂಡಿಕೆ ಮಾಡುತ್ತ ಹೋದಾಗ ವ್ಯಾಪಾರದ ಏರಿಳಿತದಂಥ ಅಲೆಗಳು ಮೂಡುವುದನ್ನು ತೋರಿಸಿದ. ಅಕ್ಕಪಕ್ಕದ ಎರಡು ಸರಾಸರಿಗಳಲ್ಲಿ ಮೂರರಲ್ಲಿ ಎರಡು ತಿಂಗಳು ಅವೇ ಇರುವುದರಿಂದ ಅವು ಕೈಹಿಡಿದು ಏರುತ್ತವೆ, ಕೈಹಿಡಿದು ಇಳಿಯುತ್ತವೆ. ಹಾಗಾಗಿ ಸರಾಸರಿಯ ಗೆರೆ ಏರುತ್ತಿದೆ ಎಂದು ವ್ಯಾಪಾರ ಏರುತ್ತಿದೆ ಎನ್ನುವಂತಿಲ್ಲ. ಏರಿಕೆಯನ್ನು ನೋಡಬೇಕಾದದ್ದು ಕೆಜಿಯ ಮೂಲ ಅಂಕಿಗಳಲ್ಲಿ.

ಈ ಬಿಡಿಸಿ ಎಣಿಸುವ ಲೆಕ್ಕವನ್ನು ಅಂಗಡಿಯ ಎಲ್ಲ ಮಾಲಿಗೂ ಮಾಡಬೇಕೆಂದು ನಾನು ಹೇಳುವುದಿಲ್ಲ. ಉಪ್ಪು, ಸಾಬೂನು, ಚಹಾಪುಡಿಗೆ ಮೂರು ತಿಂಗಳ ಸಾದಾ ಸರಾಸರಿಯೇ ಬೇಕಾದಷ್ಟಾಯಿತು. ತಿಂಗಳಿಗೆ ಒಂದೆರಡು ಹೋಗುವ ಮಾಲಿಗೆ ಸರಾಸರಿ ನಿಷ್ಪ್ರಯೋಜಕ. ಮುಗಿದಾಗ ಒಂದು ತರಿಸಿದರೆ ಸಾಕು. ಬೆಲ್ಲ, ಶೇಂಗಾ, ಎಳ್ಳು, ಪುಟಾಣಿ, ಕೊಬ್ಬರಿ, ಈ ಐದಾರಕ್ಕೆ ಮಾತ್ರ ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ಕೂರುವುದು ಲಾಭದ ಮಾತು.

2026ರಲ್ಲಿ ಜ್ಯೇಷ್ಠ ಅಧಿಕವಾದ್ದರಿಂದ ಪಂಚಮಿ ಆಗಸ್ಟ್ 17ಕ್ಕೆ ಬೀಳುತ್ತದೆ. ಹಬ್ಬದ ಹದಿನೈದು ದಿನ ಆಗಸ್ಟ್ 3ರಿಂದ 17, ಪೂರ್ತಿ ಆಗಸ್ಟ್‌ನಲ್ಲೇ. ನಮ್ಮ ಅಂಗಡಿಗೆ ಆ ಜುಲೈನಲ್ಲಿ ಬೇಕಾಗುವುದು ದಿನಕ್ಕೆ 7ರಂತೆ 217 ಕೆಜಿ. ಹಿಂದಿನ ಜುಲೈ ನೋಡಿ 410 ತರಿಸಿದವನ ಬಳಿ ತಿಂಗಳ ಕೊನೆಗೆ 193 ಕೆಜಿ, ಹತ್ತೊಂಬತ್ತು ಪೆಂಟಿಗೂ ಮೇಲೆ, ಉಳಿದಿರುತ್ತದೆ.